ಭಾವನ ಚಾಲಿ ಮೂಟೆ ಮತ್ತು ಕಾಣದ ಎರಡು ಪರ್ಸೆಂಟು

ನಿನ್ನೆ ಬೆಳಿಗ್ಗೆ ಶಿರಸಿ ಕಡೆ ಭಾವನ ಮನೆಯಲ್ಲಿದ್ದೆ. ಅಂಗಳದಲ್ಲಿ ಚಾಲಿ ಅಡಿಕೆಯ ಮೂಟೆ ಪಿಕಪ್‌ಗೆ ಏರ್ತಾ ಇತ್ತು. ಬಾಡಿಗೆಯಲ್ಲಿ ನೂರು ರೂಪಾಯಿ ಇಳಿಸೋಕೆ ಭಾವ ಡ್ರೈವರ್ ಜೊತೆ ಅರ್ಧ ಗಂಟೆ ಜಗ್ಗಾಡಿದ. ಗೆದ್ದ ಕೂಡ. ಆಮೇಲೆ ಒಳಗೆ ಬಂದು, ಚಾ ಕುಡೀತಾ, ಮ್ಯೂಚುವಲ್ ಫಂಡಿನ ಸ್ಟೇಟ್‌ಮೆಂಟು ತೋರಿಸಿದ. ಆರು ಲಕ್ಷ, ಮೂರು ಲಾರ್ಜ್‌ಕ್ಯಾಪ್ ಫಂಡು. ಮೂರರ ಹೆಸರಿನ ಕೊನೆಯಲ್ಲೂ 'ರೆಗ್ಯುಲರ್', ಅಂದ್ರೆ ಏಜೆಂಟ್ ಮೂಲಕ ತಗೊಂಡದ್ದು. ಏಜೆಂಟ್ ಯಾರು ಅಂತ ಕೇಳಿದೆ.

"ಅಂವ ಒಳ್ಳೆ ಹುಡ್ಗ ಮಾರಾಯ. ಮನೆಗೇ ಬಂದು ಸಹಿ ಹಾಕಿಸ್ಕಂಡು ಹೋಗ್ತ. ಒಂದು ಪೈಸೆ ಫೀಸು ತಗತ್ನಿಲ್ಲೆ."

ತಗತ್ನಿಲ್ಲೆ! ನಂಗೆ ಚಾ ನೆತ್ತಿಗೇರಿತು.

ಆರು ತಿಂಗಳಿಗೊಮ್ಮೆ ಬರುವ ಒಟ್ಟು ಸ್ಟೇಟ್‌ಮೆಂಟಿನಲ್ಲಿ ವಿತರಕನಿಗೆ ಕೊಟ್ಟ ಕಮಿಷನ್ ರೂಪಾಯಿ ಲೆಕ್ಕದಲ್ಲೇ ಇರ್ತದೆ. ಮಾರುಕಟ್ಟೆಯ ನಿಯಂತ್ರಕ ಸೆಬಿ 2016ರಲ್ಲೇ ಇದನ್ನ ಕಡ್ಡಾಯ ಮಾಡಿದೆ. ಕೊನೇ ಪುಟಗಳನ್ನ ಯಾರು ನೋಡ್ತಾರೆ? ಹುಡುಕಿ ತೋರಿಸಿದೆ. ಅರ್ಧ ವರ್ಷಕ್ಕೆ 2,900 ಚಿಲ್ಲರೆ. ಭಾವ ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ. ಫಂಡ್ ಕಂಪನಿಯ ಪಾಲು ಬೇರೆ. ಎರಡೂ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ ಎರಡು ಪರ್ಸೆಂಟು. ಇದಕ್ಕೆ ಬಿಲ್ ಬರೋದಿಲ್ಲ. ದಿನಾ ಒಂದಿಷ್ಟು ಚೂರು ಎನ್‌ಎವಿಯಲ್ಲೇ, ಅಂದ್ರೆ ಯುನಿಟ್ಟಿನ ಬೆಲೆಯಲ್ಲೇ ಕಡಿತವಾಗಿ, ಉಳಿದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳ್ತದೆ. ಅಡಿಕೆ ವ್ಯಾಪಾರಿ ಹೇಳದೇ ಕೇಳದೇ ತೂಕ ಕಡಿದರೆ ಇದೇ ಭಾವ ಅವನ ವಕಾರಿಯ ಮಾಡು ಹಾರಿಸ್ತಿದ್ದ.

ಅಲ್ಲೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಒಂದು ಲಕ್ಷ, ಇಪ್ಪತ್ತು ವರ್ಷ, ಮಾರುಕಟ್ಟೆ ವರ್ಷಕ್ಕೆ 12 ಪರ್ಸೆಂಟ್ ಬೆಳೀತು ಅಂತ ಇಟ್ಕೊಳ್ಳಿ (ಬೆಳೀತದೆ ಅಂತ ನಾನು ಬರೆದುಕೊಡೋದಿಲ್ಲ). ನಿಫ್ಟಿ 50 ಸೂಚ್ಯಂಕವನ್ನೇ ನಕಲು ಮಾಡುವ ಇಂಡೆಕ್ಸ್ ಫಂಡನ್ನ ಏಜೆಂಟ್ ಇಲ್ಲದ ಡೈರೆಕ್ಟ್ ಪ್ಲಾನಿನಲ್ಲಿ ತಗೊಂಡರೆ ಖರ್ಚು ವರ್ಷಕ್ಕೆ ಸುಮಾರು 0.2 ಪರ್ಸೆಂಟ್. ಕೈಗೆ 9 ಲಕ್ಷ 30 ಸಾವಿರ. ಎರಡು ಪರ್ಸೆಂಟ್ ಕಳೆದರೆ 6 ಲಕ್ಷ 72 ಸಾವಿರ. ಹಾಕಿದ್ದೇ ಒಂದು ಲಕ್ಷ, ಹೆಚ್ಚಿನ ಖರ್ಚಿಗೆ ಹೋದದ್ದು ಎರಡೂವರೆ ಲಕ್ಷ!

ನ್ಯಾಯಕ್ಕೆ ಒಂದು ಮಾತು. ಇದರಲ್ಲಿ ಅರ್ಧ ಪಾಪ ಮಾತ್ರ ಫಂಡ್ ಮ್ಯಾನೇಜರಂದು. ಅದೇ ಫಂಡನ್ನ ಡೈರೆಕ್ಟ್ ಪ್ಲಾನಿನಲ್ಲಿ ತಗೊಂಡು ಖರ್ಚು ಒಂದು ಪರ್ಸೆಂಟಿಗೆ ಇಳಿದರೆ 8 ಲಕ್ಷ ಆಗ್ತದೆ. ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಇದೆ.

"ಒಳ್ಳೆ ಮ್ಯಾನೇಜರ್ ಆದ್ರೆ ಆ ಖರ್ಚು ದುಡಿದು ಕೊಡ್ತ್ನಿಲ್ಯ?" ಅಂದ ಭಾವ. ಕೊಟ್ಟರೆ ನಾನ್ಯಾಕೆ ಬಾಯಿ ಹಾಕ್ತಿದ್ದೆ? ಫಂಡುಗಳನ್ನ ಸೂಚ್ಯಂಕದ ಜೊತೆ ಹೋಲಿಸುವ ಎಸ್ ಅಂಡ್ ಪಿಯವರ 'ಸ್ಪೈವಾ' ವರದಿ ನೋಡಿ. ಹತ್ತು ವರ್ಷದ ಅವಧಿಯಲ್ಲಿ ನಮ್ಮ ದೇಶದ ಲಾರ್ಜ್‌ಕ್ಯಾಪ್ ಫಂಡುಗಳಲ್ಲಿ ಹೆಚ್ಚಿನವು ಸೂಚ್ಯಂಕಕ್ಕಿಂತ ಹಿಂದೆ. ನಡುವೆ ಮುಚ್ಚಿಹೋದ, ಇನ್ನೊಂದರಲ್ಲಿ ವಿಲೀನವಾದ ಫಂಡುಗಳನ್ನೂ ಅವರು ಲೆಕ್ಕದಿಂದ ಬಿಡೋದಿಲ್ಲ. ಜಾಹೀರಾತಿನಲ್ಲಿ ನಮಗೆ ಕಾಣೋದು ಬದುಕುಳಿದವು ಮಾತ್ರ. ಹಿಂದೆ ಬೀಳೋದಕ್ಕೆ ಕಾರಣವೂ ಗುಟ್ಟೇನಲ್ಲ. ಲಾರ್ಜ್‌ಕ್ಯಾಪ್ ಫಂಡು ತನ್ನ ಹಣದ ಕನಿಷ್ಠ 80 ಪರ್ಸೆಂಟನ್ನ ದೇಶದ ಮೊದಲ ನೂರು ಕಂಪನಿಗಳಲ್ಲೇ ಇಡಬೇಕು. ಭಾವನ ಮೂರೂ ಫಂಡಿನ ಮೇಲ್ಸಾಲಿನಲ್ಲಿ ಅದೇ ಎಚ್‌ಡಿಎಫ್‌ಸಿ ಬ್ಯಾಂಕು, ಅದೇ ಐಸಿಐಸಿಐ, ಅದೇ ರಿಲಯನ್ಸು. ಒಂದೇ ಸಾರನ್ನ ಮೂರು ಪಾತ್ರೆಯಲ್ಲಿ ಬಡಿಸಿ ಮೂರು ಊಟದ ದುಡ್ಡು ತಗೊಂಡ ಹಾಗೆ.

ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪಿನಲ್ಲಿ ಗೆದ್ದ ಮ್ಯಾನೇಜರ್‌ಗಳು ಇದ್ದಾರೆ, ಹೌದು. ಮುಂದಿನ ಹತ್ತು ವರ್ಷಕ್ಕೆ ಗೆಲ್ಲುವವನ ಹೆಸರು ಈಗಲೇ ಗೊತ್ತಿದ್ದವರು ಇನ್‌ಬಾಕ್ಸಿಗೆ ಬನ್ನಿ.

ಏಜೆಂಟ್ ಪರವಾಗಿ ಒಂದೇ ಒಂದು ವಾದ ನನ್ನ ಬಾಯಿ ಮುಚ್ಚಿಸ್ತದೆ. 2020ರ ಮಾರ್ಚ್. ನಿಫ್ಟಿ ಜನವರಿಯ 12,400ರಿಂದ 7,600ಕ್ಕೆ ಬಿತ್ತು. ಇಂಡೆಕ್ಸ್ ಫಂಡು ಅಷ್ಟೂ ಬೀಳ್ತದೆ, ತಡೆಯೋಕೆ ಅಲ್ಲಿ ಯಾರೂ ಇರೋದಿಲ್ಲ. ದೊಡ್ಡ ಜಾಣನಾದ ನಾನು, ಡೈರೆಕ್ಟ್ ಪ್ಲಾನಿನವ, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಅರ್ಧ ಮಾರಿಬಿಟ್ಟೆ. ಭಾವನ ಏಜೆಂಟ್ ಹುಡುಗ ಫೋನ್ ಮಾಡಿ "ಮುಟ್ಟಡಿ" ಅಂದನಂತೆ. ಭಾವ ಮುಟ್ಟಲಿಲ್ಲ. ಆ ವರ್ಷ ಅವನ ಕಮಿಷನ್ ಸಾರ್ಥಕ ಅಂತ ಒಪ್ಪಿದೆ. ಉಳಿದ ವರ್ಷಗಳದ್ದು?

ಭಾವನಿಗೆ ಈಗ ಎಲ್ಲಾ ಕಿತ್ತು ಇಂಡೆಕ್ಸಿಗೆ ಹಾಕುವ ಹುರುಪು. ಅದೂ ತಪ್ಪು. ಬದಲಾಯಿಸೋದು ಅಂದ್ರೆ ಕಾನೂನಿನ ಲೆಕ್ಕದಲ್ಲಿ ಮಾರಿದ ಹಾಗೇ. ಒಂದು ವರ್ಷ ದಾಟಿದ ಯುನಿಟ್ಟಿನ ಲಾಭ ವರ್ಷಕ್ಕೆ 1.25 ಲಕ್ಷ ಮೀರಿದರೆ, ಮೀರಿದ್ದಕ್ಕೆ 12.5 ಪರ್ಸೆಂಟ್ ತೆರಿಗೆ. ವರ್ಷ ತುಂಬದ ಯುನಿಟ್ಟಿಗೆ ಇನ್ನೂ ಜಾಸ್ತಿ ತೆರಿಗೆ, ಮೇಲಿಂದ ಬೇಗ ಮಾರಿದ್ದಕ್ಕೆ ಫಂಡು ಹಿಡಿಯುವ ಎಕ್ಸಿಟ್ ಲೋಡ್ ಬೇರೆ ಇರಬಹುದು. ಹಾಗಾಗಿ ಈ ತಿಂಗಳ ಎಸ್‌ಐಪಿಯಿಂದ ಹೊಸ ದುಡ್ಡು ಇಂಡೆಕ್ಸಿಗೆ, ಹಳೇದು ಮಾರ್ಚ್ ಮಾರ್ಚಿಗೆ ಆ ಮಿತಿಯೊಳಗೆ ಸ್ವಲ್ಪ ಸ್ವಲ್ಪ ಅಂತ ಬರೆದುಕೊಟ್ಟೆ.

ಹೊರಡುವಾಗ ಅಕ್ಕ ಅಪ್ಪೆಮಿಡಿ ಕಟ್ಟಿಕೊಟ್ಟಳು. ಭಾವ ಗೇಟಿನವರೆಗೆ ಬಂದು ಮೆಲ್ಲಗೆ ಕೇಳಿದ: "ಶನಿವಾರ ಅಂವ ಬತ್ತ. ಹೇಂಗೆ ಹೇಳದು ಮಾರಾಯ? ಪಾಪ, ಬೇಜಾರು ಮಾಡ್ಕತ್ತ."

ಡ್ರೈವರ್‌ಗೆ ಬೇಜಾರಾಗಿದ್ದು ಬೆಳಿಗ್ಗೆ ಇವನಿಗೆ ಕಂಡಿರಲಿಲ್ಲ.