ನಮ್ಮ ಎಂಟೂವರೆ, ಅವರ ಹತ್ತು

ನಮ್ಮಣ್ಣನಿಗೆ ಹನ್ನೊಂದು ಮನೆಯ ಉಪ್ಪಿಟ್ಟು ತಿಂದ ಮೇಲೆ ಹೆಣ್ಣು ಸಿಕ್ಕಿತು. ನನ್ನ ಸರದಿ ಬರುವ ಹೊತ್ತಿಗೆ ಉಪ್ಪಿಟ್ಟು ಹೋಗಿ ವಿಡಿಯೋ ಕಾಲ್ ಬಂದಿತ್ತು. ಹುಡುಗಿ ದಾವಣಗೆರೆಯವರು, ಕೆಲಸ ನ್ಯೂಜೆರ್ಸಿಯಲ್ಲಿ. ನಾನು ತಿಪಟೂರಿನಲ್ಲಿ. ಬುಧವಾರ ಮೆಸೇಜಿನಲ್ಲೇ ಮಾತಾಯಿತು: ಭಾನುವಾರ ನಮ್ಮ ರಾತ್ರಿ ಎಂಟೂವರೆ, ಅವರ ಬೆಳಿಗ್ಗೆ ಹತ್ತು.

ಶನಿವಾರ ಅಕ್ಕ ಬಂದು ರಿಹರ್ಸಲ್ ಇಟ್ಟಳು. ಅವಳು ರೂಮಿನಲ್ಲಿ, ನಾನು ಹಾಲಿನಲ್ಲಿ. ಕಾಲ್ ಎತ್ತಿದ್ದೇ ತಡ, ಎರಡು ಫೋನೂ ಒಂದರ ಸದ್ದು ಇನ್ನೊಂದು ಕೇಳಿಸಿಕೊಂಡು ಕುಯ್ಯೋ ಎಂದು ಊಳಿಟ್ಟವು. ಇಬ್ಬರೂ ಇಯರ್‌ಫೋನ್ ಹಾಕಿಕೊಂಡ ಮೇಲೆ ಶಾಂತಿ. ಆಮೇಲೆ ಅಕ್ಕ ಕೇಳಿದಳು, "ಎಲ್ಲೋ ನಿನ್ನ ಮುಖ? ಬರೀ ಕರ್ರಗೆ ತಲೆ ಕಾಣ್ತಿದೆ."

ನಾನು ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ಕೂತಿದ್ದೆ. ಕ್ಯಾಮೆರಾ ಹಿಂದಿನ ಆ ಬೆಳಕಿಗೆ ಹೊಂದಿಕೊಂಡು ಮುಂದಿದ್ದ ನನ್ನನ್ನು ಕತ್ತಲಿಗೆ ತಳ್ಳಿತ್ತು. ಎದ್ದು ಆ ಕಡೆ ಗೋಡೆಗೆ ಹೋಗಿ ಟ್ಯೂಬ್‌ಲೈಟಿಗೆ ಮುಖ ಮಾಡಿ ಕೂತೆ. ಮುಖ ಬಂತು. ಆದರೆ ಫೋನ್ ಟೀಪಾಯಿ ಮೇಲಿತ್ತಲ್ಲ, ಮುಖಕ್ಕಿಂತ ಮೊದಲು ಮೂಗಿನ ಹೊಳ್ಳೆ ಬಂದವು. ತಲೆಯ ಹಿಂದೆ ಸೀಲಿಂಗ್ ಫ್ಯಾನ್ ವಿಷ್ಣುಚಕ್ರದಂತೆ ತಿರುಗುತ್ತಿತ್ತು.

ಫೋನನ್ನು ಕಣ್ಣಿನ ಮಟ್ಟಕ್ಕೆ ತರಬೇಕಿತ್ತು. ಕೊಬ್ಬರಿಯ ಊರಿನಲ್ಲಿ ಒರಗಿಸಲು ತೆಂಗಿನಕಾಯಿಗೆ ಬರವಿಲ್ಲ. ಆದರೆ ಒರಗಿಸಿದ ಕಾಯಿ ಉರುಳಿ ಫೋನ್ ಅಂಗಾತ ಬಿತ್ತು. ಕೊನೆಗೆ ಅವಲಕ್ಕಿಯ ದೊಡ್ಡ ಸ್ಟೀಲ್ ಡಬ್ಬ, ಅದರ ಮೇಲೆ ರಾಗಿ ಹಿಟ್ಟಿನ ಚಿಕ್ಕ ಡಬ್ಬ, ಮುಂದೆ ಜಾರದ ಹಾಗೆ ಒದ್ದೆ ಬಟ್ಟೆಯ ಸುರುಳಿ. ಅಂದು ರಾತ್ರಿ ಯಾರಿಗೂ ಅವಲಕ್ಕಿ ಒಗ್ಗರಣೆ ಸಿಗಲಿಲ್ಲ, ಡಬ್ಬ ಮುಟ್ಟಬಾರದು ಅಂತ ಅಕ್ಕ ಕಟ್ಟಪ್ಪಣೆ ಮಾಡಿದ್ದಳು.

ಪ್ರಶ್ನೆಗಳ ಚೀಟಿ ಅವಳೇ ಬರೆದು ಕ್ಯಾಮೆರಾ ಪಕ್ಕಕ್ಕೆ ಅಂಟಿಸಿದಳು. ತಪ್ಪಿಸಿಕೊಳ್ಳುವ ದಾರಿಯೂ ಅವಳದೇ. "ಒಂಬತ್ತಕ್ಕೆ ಸರಿಯಾಗಿ ನಾನು ಫೋನ್ ಮಾಡ್ತೀನಿ. ಬೋರಾಗಿದ್ರೆ ಅರ್ಜೆಂಟ್ ಅಂತ ಹೇಳಿ ಎದ್ದುಬಿಡು." ಹೇಳಿ ತನ್ನ ಮನೆಗೆ ಹೋದಳು.

ಭಾನುವಾರ ಏಳೂವರೆ. ಇನ್ನೂ ಒಂದು ಗಂಟೆ ಇದೆ ಅಲ್ವಾ ಅಂತ ನಿಧಾನವಾಗಿ, ಅಕ್ಕ ಹೇಳಿದ್ದ ಹಾಗೆ ಕಡಲೆಹಿಟ್ಟಿಗೆ ಮೊಸರು ಕಲಸಿ ಮುಖಕ್ಕೆ ಬಳಿದುಕೊಂಡಿದ್ದೆ. ಬನಿಯನ್, ಪಂಚೆ. ಡಬ್ಬದ ಮೇಲಿದ್ದ ಫೋನ್ ಬಡಿದುಕೊಂಡಿತು. ನನ್ನ ಕೈಯೆಲ್ಲ ಹಿಟ್ಟು. ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದವರು ಎದ್ದು ಫೋನ್ ತೆಗೆದುಕೊಂಡು, ಎಂದಿನಂತೆ ಕಿವಿಗೆ ಇಟ್ಟುಕೊಂಡು "ಹಲೋ, ಯಾರು?" ಅಂದರು.

ಹೀಗಾಗಿ ಆಕೆ ನಮ್ಮ ಮನೆಯಲ್ಲಿ ಮೊದಲು ನೋಡಿದ್ದು ಅಮ್ಮನ ಎಡಗಿವಿ. ಅದರಲ್ಲಿ ಏಳು ಕೆಂಪು ಕಲ್ಲಿನ ಓಲೆ, ಒಂದು ಕಲ್ಲು ಬಿದ್ದುಹೋದದ್ದು. ಕಲ್ಲು ಬಿದ್ದದ್ದನ್ನೂ ಆಕೆ ಗಮನಿಸಿದ್ದರು ಅಂತ ಆಮೇಲೆ ಗೊತ್ತಾಯಿತು.

"ಅಮ್ಮಾ, ಅದು ವಿಡಿಯೋ!" ಅಂತ ನಾನು ಕೂಗಿದೆ. ಅಮ್ಮ ಗಾಬರಿಯಾಗಿ ಫೋನನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿಗೆ ಕಡಲೆಹಿಟ್ಟಿನ ದರ್ಶನವೂ ಆಯಿತು.

"ನಾನು ಬೇಗ ಮಾಡಿಬಿಟ್ನಾ? ಇಲ್ಲಿ ಹತ್ತಾಯ್ತಲ್ಲ," ಅಂದರು ಆಕೆ. ಆಮೇಲೆ ತಾವೇ ಹಣೆ ಚಚ್ಚಿಕೊಂಡು ನಕ್ಕರು. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತಾರೆ, ಬೆಳಗಿನ ಜಾವ ಎರಡಾಗಬೇಕಾದದ್ದು ನೇರವಾಗಿ ಮೂರಾಗುತ್ತದೆ. ಅವತ್ತು ಅದೇ ಭಾನುವಾರ. ಬುಧವಾರ ನಮಗೂ ಅವರಿಗೂ ಹತ್ತೂವರೆ ಗಂಟೆ ಅಂತರ, ಭಾನುವಾರ ಒಂಬತ್ತೂವರೆ. ಮೊಬೈಲಿನ ಗಡಿಯಾರ ತಾನಾಗಿಯೇ ಬದಲಾಗುತ್ತದೆ, ನಾವು ಬಾಯಲ್ಲಿ ಆಡಿದ ಮಾತು ಬದಲಾಗುವುದಿಲ್ಲ. ಮೆಸೇಜಿನ ಬದಲು ಕ್ಯಾಲೆಂಡರ್ ಇನ್ವೈಟ್ ಕಳಿಸಿದ್ದರೆ ಅದು ಇಬ್ಬರಿಗೂ ಸರಿಯಾದ ಹೊತ್ತು ತೋರಿಸುತ್ತಿತ್ತು. ಮದುವೆ ಮಾತಿಗೆ ಇನ್ವೈಟ್ ಕಳಿಸಿದರೆ ಆಫೀಸಿನ ಮೀಟಿಂಗ್ ಥರ ಆಗುತ್ತೆ ಅಂತ ಇಬ್ಬರೂ ನಾಚಿಕೊಂಡಿದ್ದೆವಂತೆ.

ಎರಡು ನಿಮಿಷ ಕೇಳಿಕೊಂಡು ಮುಖ ತೊಳೆದು, ಶರ್ಟ್ ಸಿಕ್ಕಿಸಿಕೊಂಡು, ಡಬ್ಬದ ಮುಂದೆ ಕೂತೆ. ಪಂಚೆ ಹಾಗೇ ಇತ್ತು. ಡಬ್ಬದ ಎತ್ತರಕ್ಕೆ ಅದು ಕಾಣುವುದಿಲ್ಲ, ರಿಹರ್ಸಲ್ಲಿನಲ್ಲಿ ನೋಡಿದ್ದೆವು.

ಮೊದಲೇ ಆಕೆ ಒಂದು ಮಾತು ಹೇಳಿದರು. "ಕೆಳಗೆ ಬೇಸ್‌ಮೆಂಟಲ್ಲಿ ಮೆಷಿನ್‌ಗೆ ಬಟ್ಟೆ ಹಾಕಿದೀನಿ. ಹತ್ತೂಮುಕ್ಕಾಲಿಗೆ ಮುಗಿಯುತ್ತೆ. ಹೋಗಿ ತೆಗೀದಿದ್ರೆ ಬೇರೆಯವರು ತೆಗೆದು ಹೊರಗೆ ಹಾಕ್ತಾರೆ." ಅದರ ಜಾಣತನ ಆಗ ನನಗೆ ಹೊಳೆಯಲಿಲ್ಲ.

ನಾನು ಚೀಟಿಯ ಒಂದನೇ ನಂಬರಿನಿಂದ ಶುರು ಮಾಡಿದೆ. "ನಿಮ್ಮ ಬಿಡುವಿನ ವೇಳೆಯ ಹವ್ಯಾಸಗಳೇನು?"

"ನೀವು ಓದ್ತಾ ಇದೀರಾ?" ಅಂದರು. "ಕಣ್ಣು ಎಡದಿಂದ ಬಲಕ್ಕೆ ಹೋಗ್ತಿದೆ."

ಚೀಟಿ ಕಿತ್ತು ಪಂಚೆಯ ಕೆಳಗೆ ಹಾಕಿಕೊಂಡೆ. ಹಾಕಿಕೊಂಡ ಮೇಲೆ ಕೇಳಲು ಏನೂ ಉಳಿಯಲಿಲ್ಲ. "ಊಟ ಆಯ್ತಾ?" ಅಂದೆ. "ಬೆಳಿಗ್ಗೆ ಹತ್ತಕ್ಕಾ?" ಅಂದರು. ಅಲ್ಲಿಗೆ ಅದೂ ಮುಗಿಯಿತು. ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು, ಒಟ್ಟಿಗೆ ನಿಲ್ಲಿಸಿದೆವು. "ಹೇಳಿ." "ಇಲ್ಲ, ನೀವು ಹೇಳಿ." ಅಷ್ಟು ದೂರದಿಂದ ಮಾತು ಬರುವುದು ಒಂದು ಗಳಿಗೆ ತಡ. ಸುಮ್ಮನಾದರು ಅಂದುಕೊಂಡು ನಾವು ಶುರು ಮಾಡುವಷ್ಟರಲ್ಲಿ ಅವರ ಉಳಿದ ಮಾತು ಬಂದು ಬೀಳುತ್ತದೆ. ಆಕೆ ಮುಗಿಸಿದ ಮೇಲೆ ಮನಸ್ಸಿನಲ್ಲಿ ಒಂದು, ಎರಡು ಅಂತ ಎಣಿಸಿ ಮಾತಾಡತೊಡಗಿದೆ. ಢಿಕ್ಕಿ ನಿಂತಿತು.

ಅಡುಗೆಮನೆಯಲ್ಲಿ ಅಮ್ಮ ಸಾರಿಗೆ ಒಗ್ಗರಣೆ ಹಾಕಿದರು. ಚುಂಯ್ ಅಂದದ್ದು ನ್ಯೂಜೆರ್ಸಿಗೆ ಕೇಳಿಸಿತು.

"ಅಲ್ಲಿ ನಿಮಗೆ ಸಾರಿನ ಪುಡಿ ಯಾರು ಮಾಡಿಕೊಡ್ತಾರೆ?" ಅಂತ ಸುಮ್ನೆ ಕೇಳಿದೆ.

ಅಷ್ಟೇ ಕೇಳಿದ್ದು. ವರ್ಷಕ್ಕೊಂದು ಸಲ ದಾವಣಗೆರೆಯಿಂದ ಎರಡು ಕೆಜಿ ಬರುತ್ತಂತೆ. ಹುಳ ಹಿಡಿಯದ ಹಾಗೆ ಫ್ರೀಜರಿನಲ್ಲಿ ಇಡುತ್ತಾರಂತೆ. ರೂಮ್‌ಮೇಟ್ ಹುಡುಗಿ ಒಂದು ದಿನ ಅದನ್ನು ಚಾಕೊಲೇಟ್ ಪುಡಿ ಅಂದುಕೊಂಡು ಬಿಸಿ ಹಾಲಿಗೆ ಎರಡು ಚಮಚ ಹಾಕಿ, ಸಕ್ಕರೆಯನ್ನೂ ಹಾಕಿ, ಕುಡಿದು... ಇಲ್ಲಿಗೆ ಬರುವಾಗ ಆಕೆ ಎಷ್ಟು ನಗುತ್ತಿದ್ದರೆಂದರೆ ಫೋನ್ ಅಲುಗಾಡಿ ಅವರ ಸೀಲಿಂಗ್ ಕಂಡಿತು. ಅಲ್ಲೂ ಫ್ಯಾನ್ ಇದೆ. ಹವ್ಯಾಸ ಕೇಳಿದ್ದರೆ ಇದು ಬರುತ್ತಿರಲಿಲ್ಲ.

ಹತ್ತೂ ನಲವತ್ತಕ್ಕೆ, ಅಂದರೆ ನಮ್ಮ ಎಂಟು ಹತ್ತಕ್ಕೆ, "ಬಟ್ಟೆ" ಅಂದರು. ಆಗ ಹೊಳೆಯಿತು. ಎದ್ದು ಹೋಗುವ ಕಾರಣವನ್ನು ಕೂರುವಾಗಲೇ ಹೇಳಿಟ್ಟರೆ ಕೊನೆಯಲ್ಲಿ ಯಾರಿಗೂ ಬೇಜಾರಿಲ್ಲ. ನಮ್ಮಕ್ಕನ ಅರ್ಜೆಂಟ್ ಫೋನ್ ಬರಲು ಇನ್ನೂ ಐವತ್ತು ನಿಮಿಷವಿತ್ತು.

ಆದರೆ ಕಾಲ್ ಮುಗಿಸುವ ಮಾತಿಗೆ ಇಬ್ಬರೂ ತಡವರಿಸಿದೆವು. ಯಾರದಾದರೂ ಮನೆಯಿಂದ ಹೊರಡುವಾಗ "ಬರ್ತೀನಿ" ಅನ್ನುತ್ತೇವೆ, "ಹೋಗ್ತೀನಿ" ಅಂದರೆ ಅಮ್ಮ ಬೈಯುತ್ತಾರೆ. ಇಲ್ಲಿ ಬರುವುದೆಲ್ಲಿಂದ? "ಇಡ್ಲಾ?" ಅಂದೆ. ಇಡುವುದೆಲ್ಲಿ, ಫೋನ್ ಆಗಲೇ ಡಬ್ಬದ ಮೇಲೆ ಇಟ್ಟಿದೆ. "ಇಡಿ." "ನೀವೇ ಇಡಿ." ಇಬ್ಬರೂ ಕೈ ಬೀಸುತ್ತಾ, ಕೆಂಪು ಬಟನ್ ಯಾರು ಮೊದಲು ಒತ್ತುತ್ತಾರೋ ನೋಡುತ್ತಾ ಕೂತೆವು.

"ಮುಂದಿನ ಭಾನುವಾರ ನಿಮ್ಮ ಏಳೂವರೆ, ನನ್ನ ಹತ್ತು," ಅಂದರು. "ನವೆಂಬರ್‌ವರೆಗೂ ಇದೇ ಟೈಮ್." ಅಂದು ತಾವೇ ಒತ್ತಿದರು.

ಅಮ್ಮ ಸೌಟು ಹಿಡಿದೇ ಬಂದರು. "ಏನಂದ್ಲೋ?"

"ನವೆಂಬರ್ ಅಂದ್ರು," ಅಂದೆ.

ಅಮ್ಮ ಗೋಡೆಯ ಕ್ಯಾಲೆಂಡರಿನ ಹಾಳೆ ಒಂದೊಂದೇ ಮಗುಚಿದರು. "ತುಳಸಿ ಹಬ್ಬ ಆದ್ಮೇಲೆ ಒಳ್ಳೆ ಮುಹೂರ್ತ ಇರುತ್ತೆ ಬಿಡು. ಛತ್ರ ಈಗ್ಲೇ ಕೇಳ್ಬೇಕು."