ಅಮ್ಮನಿಗೆ ಬ್ಯಾಂಕ್ ಮೆಸೇಜ್ ಓದಿ ಹೇಳಿದರಷ್ಟೇ ಸಾಲದು

ಊರಲ್ಲಿರುವ ಅಪ್ಪ ಅಮ್ಮನಿಗೆ ಬ್ಯಾಂಕಿನಿಂದ ಬರುವ ಇಂಗ್ಲಿಷ್ ಮೆಸೇಜನ್ನು ಕನ್ನಡದಲ್ಲಿ ಹೇಳುವ ಕೆಲಸ ನಮ್ಮಲ್ಲಿ ಬಹಳ ಜನ ಮಾಡುತ್ತೇವೆ. ಹೇಳಿ ಫೋನ್ ಇಟ್ಟರೆ ಮುಗಿಯಿತು ಅಂದುಕೊಳ್ಳುತ್ತೇವೆ. ನನಗೇನೋ ಅದು ಅರ್ಧ ಕೆಲಸ ಅನಿಸುತ್ತದೆ. ಈಗ ಮೋಸದ ಮೆಸೇಜುಗಳು ಕನ್ನಡದಲ್ಲೂ ಬರುತ್ತಿವೆ. ಅರ್ಥ ಆದ ಮಾತ್ರಕ್ಕೆ ಬಚಾವಾಗುವುದಿಲ್ಲ.

ಜೂನ್ ಹೊತ್ತಿಗೆ ಅಮ್ಮನಿಗೆ ಇಂಥ ಮೆಸೇಜ್ ಬಂದಿತ್ತು:

Rs 20.00 debited from A/c XX4521 towards PMSBY renewal. Avl Bal Rs 18342.10. Not you? Call 1800XXXXXXX

ಅಮ್ಮನಿಗೆ ಗಾಬರಿ. "ಇಪ್ಪತ್ತು ರೂಪಾಯಿ ಯಾರೋ ತೆಗೆದವ್ರೆ ಕಣೇ!" ಕನ್ನಡದಲ್ಲಿ ಹೇಳಿದರೆ ಇಷ್ಟೇ: 4521ರಲ್ಲಿ ಕೊನೆಯಾಗುವ ನಿಮ್ಮ ಖಾತೆಯಿಂದ ಅಪಘಾತ ವಿಮೆಯ ಈ ವರ್ಷದ ಕಂತು 20 ರೂಪಾಯಿ ಕಡಿತ ಆಗಿದೆ, ಇನ್ನು 18,342 ರೂಪಾಯಿ 10 ಪೈಸೆ ಉಳಿದಿದೆ, ಇದು ನಿಮಗೆ ಗೊತ್ತಿಲ್ಲದೆ ಆಗಿದ್ದರೆ ಈ ನಂಬರಿಗೆ ಫೋನ್ ಮಾಡಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಅಮ್ಮನೇ ಬ್ಯಾಂಕಿನಲ್ಲಿ ಸಹಿ ಹಾಕಿದ್ದರು. ಪ್ರತಿ ವರ್ಷ ತಾನಾಗಿ ಕಡಿತ ಆಗುತ್ತದೆ.

ಅದಾದ ಸ್ವಲ್ಪ ದಿನಕ್ಕೆ ಇನ್ನೊಂದು ಬಂತು. ಅದಕ್ಕೆ ಅಮ್ಮ ಗಾಬರಿಯೇ ಆಗಲಿಲ್ಲ, "ಅದೇನೋ ಪ್ಯಾನ್ ಅಂತೆ, ಒತ್ಲಾ?" ಅಂದರು.

Dear customer your account will be BLOCKED today. Update PAN immediately, click http://....apk

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಆಗಿಹೋದ ವಿಷಯ ಹೇಳುತ್ತದೆ. ಎಷ್ಟು ದುಡ್ಡು, ಯಾವ ಖಾತೆ, ಎಷ್ಟು ಉಳಿದಿದೆ, ಎಲ್ಲ ಇದೆ. ಎರಡನೆಯದರಲ್ಲಿ ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿಯೂ ಇಲ್ಲ. ಇರುವುದು ಹೆದರಿಕೆ, ಇವತ್ತೇ ಅನ್ನುವ ಗಡುವು, ಒತ್ತಬೇಕಾದ ಲಿಂಕು. ಅದರ ಕೊನೆಯಲ್ಲಿರುವ .apk ಅಂದರೆ ವೆಬ್‌ಸೈಟ್ ಅಲ್ಲ, ಫೋನಿಗೆ ಇಳಿಸಿಕೊಳ್ಳುವ ಆ್ಯಪ್. ಅದನ್ನು ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟರೆ, ಬರುವ ಒಟಿಪಿಗಳನ್ನೂ ಅದು ಓದಬಲ್ಲದು. ಆಮೇಲೆ ನೀವು ಯಾರಿಗೂ ಒಟಿಪಿ ಹೇಳದಿದ್ದರೂ ದುಡ್ಡು ಹೋಗುತ್ತದೆ.

ಇನ್ನೊಂದು ಸಂಗತಿ ಮೆಸೇಜಿನ ಒಳಗಲ್ಲ, ಮೇಲೆ ಇರುತ್ತದೆ. ಬ್ಯಾಂಕಿನ ಮೆಸೇಜ್ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಎರಡು ಅಕ್ಷರ, ಒಂದು ಗೆರೆ, ಬ್ಯಾಂಕಿನ ಹೆಸರಿನ ಗುರುತು ಇರುತ್ತದೆ. 2025ರಿಂದ ಕೊನೆಯಲ್ಲಿ -S, -T ಥರ ಒಂದಕ್ಷರವೂ ಸೇರಿದೆ. -S ಇದ್ದರೆ ಸೇವೆಯ ಮಾಹಿತಿ, -T ಇದ್ದರೆ ವಹಿವಾಟಿನದ್ದು, -P ಇದ್ದರೆ ಜಾಹೀರಾತು, -G ಇದ್ದರೆ ಸರ್ಕಾರದ್ದು. ಅಮ್ಮನಿಗೆ ಇಂಗ್ಲಿಷ್ ಓದಲು ಬರದಿದ್ದರೂ ಮೇಲೆ ಇರುವುದು ಅಕ್ಷರವೋ ಅಂಕಿಯೋ ಅನ್ನುವುದು ಗೊತ್ತಾಗುತ್ತದಲ್ವಾ? ಆದರೆ ಹೆಸರು ಸರಿ ಇದೆ ಅಂತ ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಕಳ್ಳರು ಆ ಹೆಸರನ್ನೂ ನಕಲು ಮಾಡಿದ್ದಿದೆ. ಹತ್ತಂಕಿಯ ನಂಬರ್ ಕಂಡರೆ ಮೋಸ ಅಂತಲೇ ತಿಳಿಯಬೇಕು. ಹೆಸರು ಕಂಡರೆ ಮುಂದಕ್ಕೆ ಓದಬೇಕು, ಅಷ್ಟೇ.

ಇಲ್ಲೇ ಒಂದು ಸಣ್ಣ ವಿಷಯ. ಅಮ್ಮ ಮೊದಲೆಲ್ಲ ಮೆಸೇಜನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕುತ್ತಿದ್ದರು. ಹಾಗೆ ಮಾಡಿದರೆ ಕಳಿಸಿದವರ ಹೆಸರೇ ನನಗೆ ಕಾಣುವುದಿಲ್ಲ, ನೋಡಬೇಕಾದ್ದೇ ಕಳೆದುಹೋಗುತ್ತದೆ. ಮೇಲಾಗಿ ಲಿಂಕು ಜೀವಂತವಾಗಿ ಇನ್ನೊಂದು ಫೋನಿಗೆ ಬರುತ್ತದೆ. ಈಗ ಸ್ಕ್ರೀನ್‌ಶಾಟ್ ಕಳಿಸು ಅಂದಿದ್ದೇನೆ. ಚಿತ್ರದಲ್ಲಿ ಮೇಲಿನ ಹೆಸರೂ ಇರುತ್ತದೆ, ಬೆರಳು ತಾಗಿದರೂ ಲಿಂಕು ತೆರೆಯುವುದಿಲ್ಲ.

"ನಿಮ್ಮ ಖಾತೆಗೆ 10,000 ಜಮಾ ಆಗಿದೆ" ಅಂತ ಬರುವ ಸುಳ್ಳು ಮೆಸೇಜು ಇವೆಲ್ಲಕ್ಕಿಂತ ಕಿಲಾಡಿ. ಹಿಂದೆಯೇ ಫೋನ್ ಬರುತ್ತದೆ: "ಅಮ್ಮಾ, ತಪ್ಪಿ ನಿಮಗೆ ಹಾಕ್ಬಿಟ್ಟೆ, ಆಸ್ಪತ್ರೆ ದುಡ್ಡು, ವಾಪಸ್ ಹಾಕಿ." ಇಲ್ಲಿ ಹೆದರಿಕೆ ಇಲ್ಲ, ಕನಿಕರ ಇದೆ. ನಮ್ಮಮ್ಮನಂಥವರು ಬೀಳುವುದು ಇದಕ್ಕೇ. ಮೆಸೇಜ್ ಬಂತು ಅಂದರೆ ದುಡ್ಡು ಬಂತು ಅಂತಲ್ಲ. ಬ್ಯಾಂಕಿನ ಮಿಸ್ಡ್ ಕಾಲ್ ನಂಬರಿಗೆ ರಿಂಗ್ ಮಾಡಿ ಬ್ಯಾಲೆನ್ಸ್ ನೋಡಿದರೆ ಸಾಕು. ನಿಜಕ್ಕೂ ತಪ್ಪಿ ಬಂದಿದ್ದರೆ ಬ್ಯಾಂಕಿಗೆ ಹೋಗಿ ಹೇಳಿದರಾಯಿತು, ಫೋನ್ ಮಾಡಿದವರಿಗೆ ನಾವೇ ಕಳಿಸಬೇಕಾಗಿಲ್ಲ.

ಬೈದು ಕಲಿಸುವವರನ್ನೂ ನೋಡಿದ್ದೇನೆ. "ಅಷ್ಟೂ ಗೊತ್ತಾಗಲ್ವಾ?" ಅಂದರೆ, ಮುಂದಿನ ಸಲ ಏನಾದರೂ ಒತ್ತಿಬಿಟ್ಟಾಗ ಅವರು ಹೇಳುವುದೇ ಇಲ್ಲ. ಇಲ್ಲಿ ತಡ ಮಾಡಿದಷ್ಟೂ ನಷ್ಟ. ಆರ್‌ಬಿಐನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಗುಟ್ಟಿನ ವಿವರ ಕೊಟ್ಟು ಹೋದ ದುಡ್ಡು ಬ್ಯಾಂಕಿಗೆ ತಿಳಿಸುವ ತನಕ ಅವರದೇ ನಷ್ಟ. ತಿಳಿಸಿದ ಮೇಲೆ ಹೋದರೆ ಬ್ಯಾಂಕಿನದು. ಅದಕ್ಕೇ ಒತ್ತಿದ್ದು ಗೊತ್ತಾದ ಕೂಡಲೇ ಫೋನಿನ ನೆಟ್ ಆಫ್ ಮಾಡಬೇಕು, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಬೇಕು, ದುಡ್ಡು ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಬೇಕು. ಬ್ಯಾಂಕಿನ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ಕಳ್ಳರ ನಂಬರು ಸೇರಿಕೊಂಡಿರುತ್ತವೆ. ಎಟಿಎಂ ಕಾರ್ಡಿನ ಹಿಂದೆ ಅಚ್ಚಾಗಿರುವುದನ್ನು ಇವತ್ತೇ ದೊಡ್ಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ 1930 ಸೇರಿಸಿ, ಪಾಸ್‌ಬುಕ್ಕಿನ ರಟ್ಟಿಗೆ ಅಂಟಿಸಿಕೊಡಿ.