ಆ k ತಲೆ ಮೇಲಿನ ಪುಟ್ಟ ಗೆರೆ

ಇವತ್ತು ಬಿಎಸ್ಸಿ ಪ್ರಾಕ್ಟಿಕಲ್ ಪರೀಕ್ಷೆಗೆ ಎಕ್ಸ್‌ಟರ್ನಲ್ ಆಗಿ ಹೋಗಿದ್ದೆ. ಕಾಲೇಜಿನ ಹೆಸರು ಬೇಡ, ಮಧ್ಯಾಹ್ನ ಒಳ್ಳೆ ಊಟ ಹಾಕಿದ್ದಾರೆ. ಆದರೆ ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಇಲ್ಲೇ ಕಕ್ಕಿಬಿಡುತ್ತೇನೆ, ಸಹಿಸಿಕೊಳ್ಳಿ.

ಪ್ರಯೋಗ ಕ್ರಿಸ್ಟಲ್ ವಯಲೆಟ್‌ದು. ಮಕ್ಕಳಿಗೆ ಬಾಯಿ ಹುಣ್ಣಾದರೆ ಹಿಂದೆ ಹಚ್ಚುತ್ತಿದ್ದರಲ್ಲ ನೇರಳೆ ಔಷಧಿ, ಅದೇ ಬಣ್ಣ. ಅದಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದರೆ ಹೈಡ್ರಾಕ್ಸೈಡ್ ಹೋಗಿ ಬಣ್ಣದ ಕಣದ ನಡುವಿನ ಕಾರ್ಬನ್‌ಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಆ ಕಣದ ಬಣ್ಣ ಹೋಯಿತು. ಕಣ್ಣೆದುರೇ ನೇರಳೆ ತಿಳಿಯಾಗುತ್ತಾ ನೀರಿನ ಹಾಗೆ ಆಗುತ್ತದೆ. 590 ನ್ಯಾನೋಮೀಟರ್‌ ಹತ್ತಿರ ಕಲರಿಮೀಟರ್ ಇಟ್ಟು ಅರ್ಧರ್ಧ ನಿಮಿಷಕ್ಕೆ ರೀಡಿಂಗ್ ತೆಗೆದುಕೊಳ್ಳುವುದು, ಅದರ ಲಾಗ್ ತೆಗೆದು ಗ್ರಾಫ್ ಹಾಕುವುದು. ಗೆರೆ ನೇರ ಬಂತು, ಸ್ಲೋಪ್ ತೆಗೆದರು, ಕ್ರಿಯೆ ಎಷ್ಟು ಬೇಗ ನಡೆಯುತ್ತೆ ಅಂತ ಹೇಳೋ ರೇಟ್ ಕಾನ್‌ಸ್ಟಂಟ್ ಬಂತು, ಮನೆಗೆ ಹೋದರು.

ಬೆಳಗಿನ ಬ್ಯಾಚ್‌ನಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಸೆಕೆಂಡಿಗೆ 0.0041 ಬಂತು. ಮಧ್ಯಾಹ್ನದ ಬ್ಯಾಚ್‌ನಲ್ಲಿ ಒಬ್ಬ ಹುಡುಗ 0.0075 ಬರೆದಿದ್ದ. ಇಂಟರ್ನಲ್ ಮೇಷ್ಟ್ರು ಕೆಂಪು ಪೆನ್ ತೆಗೆದು ಸುತ್ತು ಹಾಕಿಬಿಟ್ಟರು. "ಔಟ್ ಆಫ್ ರೇಂಜ್ ಮೇಡಂ, ಟೈಮ್ ನೋಡೋಕೇ ಬಂದಿಲ್ಲ ಇವನಿಗೆ."

ಹುಡುಗನ ಗ್ರಾಫ್ ನೋಡಿದೆ. ಗೆರೆ ಎಳೆದರೆ ಚುಕ್ಕಿಗಳೆಲ್ಲ ಅದರ ಮೇಲೇ ಕೂತಿವೆ. ಟೈಮ್ ನೋಡೋಕೆ ಬಾರದವನಿಗೆ ಇಂಥ ಗ್ರಾಫ್ ಬರುತ್ತಾ? ಎದ್ದು ಅವನ ಮೇಜಿನ ಬಾಟಲಿ ನೋಡಿದೆ. ಲೇಬಲ್ ಮೇಲೆ 0.08 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. ಬೆಳಗ್ಗೆ ಇದ್ದದ್ದು 0.04. ಬೆಳಗಿನ ದ್ರಾವಣ ಖಾಲಿಯಾಗಿ ಅಟೆಂಡರ್ ಹಳೇ ಬಾಟಲಿ ತಂದಿಟ್ಟಿದ್ದರು, ಅಷ್ಟೇ. ಬಣ್ಣ 10 ಎಂಎಲ್, ಕಾಸ್ಟಿಕ್ 10 ಎಂಎಲ್ ಬೆರೆಸಿದ ಮೇಲೆ ಬೆಳಗಿನವರ ಫ್ಲಾಸ್ಕಿನಲ್ಲಿ ಇದ್ದದ್ದು 0.02, ಈ ಹುಡುಗನದರಲ್ಲಿ 0.04.

ಈಗ ನೀವೇ ಹೇಳಿ, ಯಾರದು ತಪ್ಪು?

ನನ್ನ ಗೋಳು ಇಷ್ಟೇ. ಇಲ್ಲಿ ಬರೋದು ನಿಜವಾದ ರೇಟ್ ಕಾನ್‌ಸ್ಟಂಟ್ k ಅಲ್ಲ, ಸ್ಯೂಡೋ ಫಸ್ಟ್ ಆರ್ಡರ್ ಕಾನ್‌ಸ್ಟಂಟ್ k'. ಕ್ರಿಯೆ ನಡೆಯೋದು ಇಬ್ಬರ ನಡುವೆ, ವೇಗ ಇಬ್ಬರ ಮೇಲೂ ನಿಂತಿದೆ. ಆದರೆ ಬಣ್ಣ ಇರೋದು ಲೀಟರಿಗೆ 0.00001 ಮೋಲ್, ಕಾಸ್ಟಿಕ್ ಅದರ ಎರಡು ಸಾವಿರ ಪಟ್ಟು. ಬಣ್ಣವೆಲ್ಲ ಮುಗಿದು ಹೋದರೂ ಕಾಸ್ಟಿಕ್ 0.02 ಇದ್ದದ್ದು 0.01999 ಆಗುತ್ತೆ. ಜಾತ್ರೆಯಲ್ಲಿ ನಾಲ್ಕು ಜನ ಕಡಿಮೆ ಬಂದರೆ ಯಾರಿಗೆ ಗೊತ್ತಾಗುತ್ತೆ? ಅದಕ್ಕೇ ಅದನ್ನು ಕಾನ್‌ಸ್ಟಂಟ್ ಒಳಗೆ ಸೇರಿಸಿಬಿಡುತ್ತೇವೆ:

k' = k[OH⁻]

k ತಲೆ ಮೇಲಿನ ಆ ಪುಟ್ಟ ಗೆರೆ ಅಲಂಕಾರಕ್ಕಲ್ಲ ಸ್ವಾಮಿ. ಇದರ ಹೊಟ್ಟೆಯಲ್ಲಿ ಕಾಸ್ಟಿಕ್ ಕೂತಿದೆ ಅಂತ ಹೇಳೋ ಗೆರೆ ಅದು. ಕಾಸ್ಟಿಕ್ ಎಷ್ಟು ಅಂತ ಪಕ್ಕದಲ್ಲಿ ಬರೆಯದೆ 0.0041 ಅಂದರೆ, ಯಾವ ಊರಿಂದ ಅಂತ ಹೇಳದೆ ಮೈಸೂರು ನಾಲ್ಕು ಗಂಟೆ ದೂರ ಅಂದ ಹಾಗೆ.

0.0041 ಅನ್ನು 0.02ರಿಂದ ಭಾಗಿಸಿ: 0.205. 0.0075 ಅನ್ನು 0.04ರಿಂದ ಭಾಗಿಸಿ: ಸುಮಾರು 0.19. ಎರಡೂ ಒಂದೇ ಮನೆಯವು. ಅದು ನಿಜವಾದ k, ಅದರ ಯೂನಿಟ್ಟೂ ಬೇರೆ, M⁻¹ s⁻¹. ಆ ಭಾಗಾಕಾರಕ್ಕೆ ಅರ್ಧ ನಿಮಿಷ ಸಾಕಿತ್ತು. ಕೆಂಪು ಪೆನ್ ಹುಡುಕೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದಿರುತ್ತೆ.

"ಎರಡು ಪಟ್ಟು ಆಗ್ಬೇಕಿತ್ತಲ್ಲ ಮೇಡಂ, 0.0082 ಬರ್ಲಿಲ್ವಲ್ಲ" ಅಂತ ಮೇಷ್ಟ್ರು ಬಿಡಲಿಲ್ಲ. ನಿಜ ಹೇಳಬೇಕಂದ್ರೆ ಆ ಪ್ರಶ್ನೆಗೆ ಖುಷಿಯಾಯಿತು. ಬಣ್ಣದ ಅಯಾನು ಪ್ಲಸ್, ಹೈಡ್ರಾಕ್ಸೈಡ್ ಮೈನಸ್. ಒಂದನ್ನೊಂದು ಎಳೆಯುತ್ತವೆ. ಕಾಸ್ಟಿಕ್ ಜಾಸ್ತಿ ಹಾಕಿದರೆ ದ್ರಾವಣದಲ್ಲಿ ಅಯಾನುಗಳ ಗುಂಪೂ ಜಾಸ್ತಿ. ಆ ಗುಂಪು ಇವೆರಡರ ನಡುವೆ ಅಡ್ಡ ಬಂದು ಎಳೆತ ಸ್ವಲ್ಪ ಕಡಿಮೆಯಾಗುತ್ತೆ, ಹಾಗಾಗಿ k ಕೂಡ ಸ್ವಲ್ಪ ಇಳಿಯುತ್ತೆ. ಬೆಳಗಿನ 0.02 ಫ್ಲಾಸ್ಕಿಗೆ ಇನ್ನೊಂದು 0.02 ಮೋಲಾರ್‌ನಷ್ಟು ಸೋಡಿಯಂ ಕ್ಲೋರೈಡ್ ಹಾಕಿದ್ದರೆ ಎರಡೂ ಕಡೆ ಅಯಾನು ಸಮ ಆಗಿ, ಲೆಕ್ಕ ಎರಡು ಪಟ್ಟಿನ ಹತ್ತಿರ ಬರುತ್ತಿತ್ತು. ಹುಡುಗನ ರೀಡಿಂಗ್ ಎಷ್ಟು ಚೆನ್ನಾಗಿತ್ತು ಅಂದರೆ ಇದೂ ಅದರಲ್ಲಿ ಕಾಣಿಸಿತ್ತು!

ಈಗ ಕಾಮೆಂಟಿಗೆ ಯಾರೋ ಬರುತ್ತಾರೆ, ಗೊತ್ತು. "ಎಸ್ಟರ್ ಹೈಡ್ರಾಲಿಸಿಸ್‌ನಲ್ಲಿ ನೀರು ಎಷ್ಟಿದೆ ಅಂತ ನಾವ್ಯಾರೂ ಬರೆಯಲ್ಲ, ಅದೂ ಸ್ಯೂಡೋ ಅಲ್ವಾ?" ಹೌದಪ್ಪಾ, ನೀರಿನ ಮಟ್ಟಿಗೆ ಅಲ್ಲಿ ನಡೆಯುತ್ತೆ. ನೀರೇ ದ್ರಾವಕ, ಲೀಟರಿಗೆ ಸುಮಾರು 55 ಮೋಲ್. ನಿಮ್ಮ ಲ್ಯಾಬಿನಲ್ಲೂ ಅಷ್ಟೇ, ನನ್ನ ಲ್ಯಾಬಿನಲ್ಲೂ ಅಷ್ಟೇ. ಬರೆಯದಿದ್ದರೂ ಯಾರಿಗೂ ಮೋಸ ಇಲ್ಲ. ಅದೇ ಪ್ರಯೋಗದಲ್ಲಿ ಆಸಿಡ್ 0.5 ಬದಲು 1 ನಾರ್ಮಲ್ ಮಾಡಿ ನೋಡಿ, ಅಲ್ಲೂ k' ಏರುತ್ತೆ. ಈ ಕೆಟ್ಟ ಅಭ್ಯಾಸ ನೀರಿನಿಂದಲೇ ಅಂಟಿಕೊಂಡಿದೆ ಅಂತ ನನ್ನ ಗುಮಾನಿ. ಪಿಯುಸಿಯಲ್ಲಿ "ನೀರು ಜಾಸ್ತಿ, ಬಿಟ್ಟುಬಿಡಿ" ಅಂತ ಹೇಳಿಕೊಡುತ್ತೇವೆ. ಮಕ್ಕಳು ಕಾಸ್ಟಿಕ್ಕನ್ನೂ ಬಿಟ್ಟುಬಿಡುತ್ತಾರೆ. ಮೇಷ್ಟ್ರಾದ ಮೇಲೂ ಬಿಟ್ಟುಬಿಡುತ್ತಾರೆ.

ಇಷ್ಟೆಲ್ಲ ಕೂಗಾಡೋ ನಾನೇನು ಸಾಚಾ ಅಲ್ಲ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಕ್ಲೋರಮೀನ್-ಟಿ ಜೊತೆ ಗುದ್ದಾಡಿದ್ದೆ. ಉಳಿದ ಕ್ಲೋರಮೀನ್-ಟಿ ಎಷ್ಟು ಅಂತ ಅಯೋಡಿನ್ ಬಿಡಿಸಿ, ಥಯೋಸಲ್ಫೇಟ್‌ನಲ್ಲಿ ಟೈಟ್ರೇಷನ್. ಇನ್ನೊಂದು ರಾಸಾಯನಿಕ ದುಬಾರಿ. ಅದಕ್ಕೆ ಹತ್ತಿಪ್ಪತ್ತು ಪಟ್ಟು ಹಾಕೋ ಬದಲು ಐದೇ ಪಟ್ಟು ಹಾಕಿದೆ. ಮೊದಲ ಅರ್ಧ ಮುಗಿಯುವವರೆಗೆ ಮಾತ್ರ ರೀಡಿಂಗ್ ತೆಗೆದೆ, ಗೆರೆ ನೇರ ಬಂತು, ಕುಣಿದಾಡಿದೆ. ಗೈಡ್ ಕನ್ನಡಕ ಮೇಲೆತ್ತಿ ಒಂದೇ ಮಾತು ಕೇಳಿದರು: "ಮುಂದಿನ ಅರ್ಧಕ್ಕೆ ಎಷ್ಟು ಹೊತ್ತು ಹಿಡಿತಮ್ಮಾ?"

ಹೋಗಿ ನೋಡಿದೆ. ಮೊದಲ ಹಾಫ್ ಲೈಫ್ 20 ನಿಮಿಷ. ಎರಡನೆಯದು 21 ಮುಕ್ಕಾಲು. ಮೂರನೆಯದು 22 ದಾಟಿತು. ಫಸ್ಟ್ ಆರ್ಡರ್ ಅಂದರೆ ಎಲ್ಲವೂ ಒಂದೇ ಇರಬೇಕಲ್ಲ? ಐದೇ ಪಟ್ಟು ಹಾಕಿದರೆ ಕೊನೆಗೆ ಆ "ಕಾನ್‌ಸ್ಟಂಟ್" ರಾಸಾಯನಿಕವೇ ಶೇಕಡಾ 20 ಕಡಿಮೆಯಾಗಿರುತ್ತೆ. ಗ್ರಾಫಿನ ಬಾಲ ನಿಧಾನಕ್ಕೆ ಬಾಗುತ್ತೆ. ಬಾಲ ಕತ್ತರಿಸಿ ತೋರಿಸಿದ್ದಕ್ಕೆ ನೇರ ಕಂಡಿತ್ತು. ಆಮೇಲೆ ಅವರೇ ಇನ್ನೊಂದು ಪರೀಕ್ಷೆ ಹೇಳಿಕೊಟ್ಟರು. ಕಡಿಮೆ ಇರೋದನ್ನ ಎರಡು ಪಟ್ಟು ಮಾಡು, ಜಾಸ್ತಿ ಇರೋದನ್ನ ಮುಟ್ಟಬೇಡ. k' ಅಲುಗಾಡದಿದ್ದರೆ ನಿನ್ನ ಸ್ಯೂಡೋ ಸರಿ. ನನ್ನದು ಅಲುಗಾಡಿತು. ಎರಡು ತಿಂಗಳ ಕೆಲಸ ಮತ್ತೆ ಮಾಡಿದೆ, ಅತ್ತುಕೊಂಡು.

ಇವತ್ತಿನ ಹುಡುಗನಿಗೆ ಆ ತಾಪತ್ರಯ ಇರಲಿಲ್ಲ. ಅವನದು ಸಾವಿರಗಟ್ಟಲೆ ಪಟ್ಟು, ಗೆರೆ ಕೊನೇವರೆಗೂ ನೇರ. ವೈವಾದಲ್ಲಿ ಕರೆದು ಕೇಳಿದೆ, "ನಿನ್ನ ಉತ್ತರ ಯಾಕಪ್ಪ ಬೇರೆ ಬಂತು?" ಅವನು ಮೇಷ್ಟ್ರ ಮುಖ ನೋಡಿದ, ನೆಲ ನೋಡಿದ. "ಮೇಡಂ, ಬಾಟ್ಲಿ ಮೇಲೆ ಎಂಟಿತ್ತು. ಕೇಳೋಣ ಅನ್ಕೊಂಡೆ, ಬೈತಾರೆ ಅಂತ ಸುಮ್ನಾದೆ."

ಕೆಂಪು ಸುತ್ತು ಹೊಡೆದು ಹಾಕಿಸಿದೆ. ಪೂರ್ತಿ ಅಂಕ ಕೊಡೋಣ ಅಂತಲೇ ಇದ್ದೆ, ಆದರೆ ಪೇಪರ್ ತಿರುಗಿಸಿ ರಿಸಲ್ಟ್ ಬರೆದ ಸಾಲು ನೋಡಿದೆ. "k = 0.0075". ಗೆರೆ ಇಲ್ಲ, ಯೂನಿಟ್ ಇಲ್ಲ, ಕಾಸ್ಟಿಕ್ ಸುದ್ದಿ ಮೊದಲೇ ಇಲ್ಲ.

ಒಂದು ಅಂಕ ಕಿತ್ತುಕೊಂಡೆ.